ಹಬ್ಬದ ಶುಭಾಶಯ ಕಳಿಸುವ ಅಂಗಡಿಯವರು ಮೊದಲು ಮಾಡಬೇಕಾದ್ದು

ನಾನು ದಾವಣಗೆರೆಯಲ್ಲಿ ಐದಾರು ಅಂಗಡಿಗಳಿಗೆ ಹಬ್ಬದ ವಾಟ್ಸ್ಆ್ಯಪ್ ಮೆಸೇಜ್ ಬರೆದುಕೊಡುತ್ತೇನೆ. ಎರಡು ವರ್ಷದ ಹಿಂದೆ ಒಂದು ಬಟ್ಟೆ ಅಂಗಡಿಯವರು ನನ್ನನ್ನು ಕರೆದರು. ದೀಪಾವಳಿಗೆ ತಾವೇ ಕಳಿಸಿದ್ದ ಮೆಸೇಜ್ ತೋರಿಸಿದರು: "ಲಕ್ಷ್ಮಿ ನಿಮ್ಮ ಮನೆಗೆ ಬರಲಿ!! ಎಲ್ಲ ಸೀರೆಗೂ 30% ರಿಯಾಯಿತಿ. ಇವತ್ತೇ ಕೊನೆ, ಬೇಗ ಬನ್ನಿ!!" ಇದು ಸುಮಾರು 600 ನಂಬರಿಗೆ ಹೋಗಿತ್ತು. ಅದರಲ್ಲಿ ಒಂದು ಮನೆಯಲ್ಲಿ ಯಜಮಾನರು ತೀರಿಕೊಂಡು ಮೂರು ತಿಂಗಳೂ ಆಗಿರಲಿಲ್ಲ. ಆ ಮನೆಯ ಹೆಣ್ಣುಮಗಳು ಅಂಗಡಿಗೇ ಬಂದು, "ಅಣ್ಣಾ, ವರ್ಷದ ಕಾರ್ಯ ಆಗೋವರೆಗೂ ನಮಗೆ ಹಬ್ಬ ಇಲ್ಲ. ಹೋದ ಸಲ ಬಿಳಿ ಪಂಚೆ ಕೊಟ್ಟೋರು ನೀವೇ ಅಲ್ವಾ?" ಅಂದರಂತೆ. ಮಾಲೀಕರಿಗೆ ಆ ಮಾತು ಚುಚ್ಚಿತು. ಅಲ್ಲಿಂದ ನಾವು ಎಲ್ಲವನ್ನೂ ಹೊಸದಾಗಿ ಶುರು ಮಾಡಿದೆವು.

1. ನಂಬರ್ ಪಟ್ಟಿ

ಎಡವುವುದು ಇಲ್ಲೇ. ಹಾಗಾಗಿ ಹೆಚ್ಚು ಹೊತ್ತು ಇಲ್ಲಿಗೇ ಕೊಡಿ.

ಸಾಮಾನ್ಯವಾಗಿ ಏನು ಮಾಡುತ್ತಾರೆ? ಫೋನಿನಲ್ಲಿರುವ ಹೆಸರು ನೋಡಿ "ಇವರು ಹಿಂದೂ, ಇವರು ಮುಸ್ಲಿಂ, ಇವರು ಕ್ರಿಶ್ಚಿಯನ್" ಅಂತ ಲೇಬಲ್ ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಾಜೇಶ್ ಅನ್ನುವವರು ಭಾನುವಾರ ಚರ್ಚಿಗೆ ಹೋಗುವವರಿರಬಹುದು. ಸಲ್ಮಾ ಅನ್ನುವವರು ತಮ್ಮ ಗಾರ್ಮೆಂಟ್ ಘಟಕದ ಹುಡುಗಿಯರಿಗೆ ಕೊಡಲು ದೀಪಾವಳಿಗೆ ನಲವತ್ತು ಸೀರೆ ಒಯ್ಯುವವರಿರಬಹುದು. ವಿಜಯದಶಮಿ ಅಂದರೆ ಒಂದು ಮನೆಗೆ ಬನ್ನಿ ಹಂಚುವ ದಿನ. ಇನ್ನೊಂದು ಮನೆಗೆ 1956ರಲ್ಲಿ ಅಂಬೇಡ್ಕರ್ ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ದಿನ. ಹೆಸರು ಇದ್ಯಾವುದನ್ನೂ ಹೇಳುವುದಿಲ್ಲ. ಅದೂ ಅಲ್ಲದೆ, ಅಂಗಡಿಯ ಫೋನಿನಲ್ಲಿ ತಮ್ಮ ಧರ್ಮದ ಲೇಬಲ್ ಇದೆ ಅಂತ ಗೊತ್ತಾದರೆ ಯಾರಿಗೆ ತಾನೇ ಹಿತವಾದೀತು?

ಊಹಿಸಬೇಡಿ, ಕೇಳಿ. ಬಿಲ್ ಮಾಡುವಾಗ ಒಂದೇ ಪ್ರಶ್ನೆ: "ಅಕ್ಕಾ, ಹಬ್ಬಕ್ಕೆ ಹೊಸ ಮಾಲು ಬಂದಾಗ ತಿಳಿಸಬೇಕಾ? ಯಾವ ಹಬ್ಬಕ್ಕೆ?" ಅವರು ಹೇಳಿದ ಹಬ್ಬದ ಹೆಸರೇ ಲೇಬಲ್ ಆಗಲಿ: "ದೀಪಾವಳಿ", "ರಂಜಾನ್", "ಕ್ರಿಸ್‌ಮಸ್", "ಯುಗಾದಿ". ಒಬ್ಬರಿಗೆ ಎರಡು ಮೂರು ಲೇಬಲ್ ಇದ್ದರೂ ಪರವಾಗಿಲ್ಲ. "ಬೇಡ" ಅಂದವರಿಗೆ "ಮೆಸೇಜ್ ಬೇಡ" ಅನ್ನುವ ಲೇಬಲ್. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಈ ಸೌಲಭ್ಯ ಪುಕ್ಕಟೆ ಇದೆ. ನಮ್ಮ ಬಟ್ಟೆ ಅಂಗಡಿಯಲ್ಲಿ ಹೀಗೆ ಕೇಳಿ ಕೇಳಿ ಪಟ್ಟಿ ತಯಾರಾಗಲು ಎರಡು ತಿಂಗಳು ಹಿಡಿಯಿತು. ದೀಪಾವಳಿ ಪಟ್ಟಿ ಬೇಕಿದ್ದರೆ ಗೌರಿ ಹಬ್ಬದ ಹೊತ್ತಿಗೇ ಶುರು ಮಾಡಿ.

ಇನ್ನೊಂದು ಲೇಬಲ್ ಬೇಕೇ ಬೇಕು: "ಈ ವರ್ಷ ಹಬ್ಬ ಇಲ್ಲ". ಸಾವಿನ ಮನೆಯ ಸುದ್ದಿ ಅಂಗಡಿಗೆ ಹೇಗೂ ಬರುತ್ತದೆ. ಕೌಂಟರಿನಲ್ಲಿರುವ ಹಳೇ ಕೆಲಸಗಾರರಿಗೆ ಊರೆಲ್ಲ ಗೊತ್ತು. ಮೆಸೇಜ್ ಕಳಿಸುವ ಹಿಂದಿನ ದಿನ ಅವರನ್ನು ಕೂರಿಸಿಕೊಂಡು ಪಟ್ಟಿಯನ್ನು ಒಮ್ಮೆ ಓದಿ. ಅರ್ಧ ಗಂಟೆಯ ಕೆಲಸ. ನಾವು ಮೊದಲ ಸಲ ಓದಿದಾಗಲೇ ಹನ್ನೊಂದು ಮನೆ ಸಿಕ್ಕವು.

2. ಶುಭಾಶಯ ಬೇರೆ, ವ್ಯಾಪಾರ ಬೇರೆ

ಎರಡನ್ನೂ ಒಂದೇ ಮೆಸೇಜಿನಲ್ಲಿ ತುರುಕಬೇಡಿ. ಹೊಸ ಮಾಲಿನ ಸುದ್ದಿ, ದರ, ರಿಯಾಯಿತಿ ಎಲ್ಲ ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮೊದಲು ಹೋಗಲಿ. ಜನ ಬಟ್ಟೆ ತಗೊಳ್ಳುವುದೂ ಆಗಲೇ. ಆದರೆ ದಸರೆಗೆ ಮುಂಚಿನ ಪಿತೃಪಕ್ಷದಲ್ಲಿ ಕಳಿಸಬೇಡಿ. ಹೊಸದು ಕೊಳ್ಳಬಾರದು ಅನ್ನುವ ಮನೆಗಳು ನಮ್ಮಲ್ಲಿ ಜಾಸ್ತಿ. ಮಹಾಲಯ ಅಮಾವಾಸ್ಯೆ ಕಳೆಯಲಿ.

ಹಬ್ಬದ ದಿನದ ಮೆಸೇಜಿನಲ್ಲಿ ದರ, ಕ್ಯಾಟಲಾಗ್ ಲಿಂಕ್, "ಬೇಗ ಬನ್ನಿ" ಯಾವುದೂ ಇರಬಾರದು. ನಾನು ಒಂದು ಪರೀಕ್ಷೆ ಮಾಡುತ್ತೇನೆ. ಮೆಸೇಜಿನಿಂದ ಅಂಗಡಿ ಹೆಸರು, ದರ ಎರಡನ್ನೂ ಅಳಿಸಿ ನೋಡುತ್ತೇನೆ. ಉಳಿದದ್ದನ್ನು ಪಕ್ಕದ ಮನೆಯವರಿಗೆ ಹೇಳಬಹುದಾದರೆ ಅದು ಶುಭಾಶಯ. ನಮ್ಮ ಅಂಗಡಿಯ ಹೊಸ ಒಕ್ಕಣೆ ಇಷ್ಟೇ:

"ನಮಸ್ಕಾರ. ನಿಮ್ಮ ಮನೆಯ ಎಲ್ಲರಿಗೂ ದೀಪಾವಳಿಯ ಶುಭಾಶಯ. ಪಾಡ್ಯದ ದಿನ ನಮ್ಮ ಹುಡುಗರೂ ಮನೆಯಲ್ಲಿ ಹಬ್ಬ ಮಾಡಲಿ ಅಂತ ಅಂಗಡಿ ಮುಚ್ಚಿರುತ್ತೇವೆ. ಮೆಸೇಜ್ ಬೇಡವಾದರೆ 'ಬೇಡ' ಅಂತ ಬರೆಯಿರಿ."

ಯಾವ ಲೇಬಲ್ಲೂ ಇಲ್ಲದವರಿಗೆ ಶುಭಾಶಯ ಬೇಡ. ಅಂಗಡಿ ರಜೆಯ ಸಾಲು ಮಾತ್ರ ಕಳಿಸಿ. ಓಂ, ಚಂದ್ರ, ಶಿಲುಬೆ ಮೂರನ್ನೂ ಒಂದೇ ಚಿತ್ರದಲ್ಲಿ ಹಾಕಿ ಎಲ್ಲರಿಗೂ ಕಳಿಸುವ ಉಪಾಯವನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಯಾರಿಗೂ ತಮ್ಮ ಹಬ್ಬ ಕಾಣುವುದಿಲ್ಲ.

3. ಯಾವ ದಿನಕ್ಕೆ ಏನು

ಎಲ್ಲ ದಿನವೂ ಶುಭಾಶಯದ ದಿನವಲ್ಲ. ಮೊಹರಂ ಹತ್ತನೆಯ ದಿನ ಕರ್ಬಲಾದಲ್ಲಿ ಹುಸೇನರು ಮಡಿದ ನೆನಪು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಎಲ್ಲ ಜಾತಿಯವರೂ ಅಲಾಯಿ ಕುಣಿಯುತ್ತಾರೆ ನಿಜ, ಆದರೂ "ಹ್ಯಾಪಿ ಮೊಹರಂ" ಅನ್ನುವುದು ತಪ್ಪು. ಗುಡ್ ಫ್ರೈಡೇ ಕೂಡ ಯೇಸುವಿನ ಮರಣದ ದಿನ. ಇವೆರಡಕ್ಕೂ ಸುಮ್ನೆ ಇರುವುದೇ ಸರಿ. ಕ್ರೈಸ್ತ ಗಿರಾಕಿಗಳಿಗೆ ಈಸ್ಟರ್‌ಗೆ ಹೇಳಿ. ಮಂಗಳೂರು ಕಡೆ ಅಂಗಡಿ ಇದ್ದರೆ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಹೊಸ ತೆನೆಯ ಹಬ್ಬ, ಮರೆಯಬೇಡಿ. ಅದಕ್ಕೆ ಶುಭಾಶಯ ಹೇಳುವ ಅಂಗಡಿಗಳೇ ಕಡಿಮೆ.

ತಾರೀಖನ್ನು ಮೊದಲೇ ನಿಗದಿ ಮಾಡಿ ತಾನಾಗಿ ಹೋಗುವಂತೆ ಇಡಬೇಡಿ. ರಂಜಾನ್ ಚಂದ್ರ ಕಂಡ ಮೇಲೆಯೇ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಕೆಲವು ವರ್ಷ ಕೇರಳದ ಜೊತೆಗೇ ಹಬ್ಬ ಆಗುತ್ತದೆ, ನಮ್ಮಲ್ಲಿ ಮರುದಿನ. ದೀಪಾವಳಿಯೂ ಹಾಗೇ. 2024ರಲ್ಲಿ ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ ಶುರುವಾಗಿ ನವೆಂಬರ್ 1ರ ಸಂಜೆ ಮುಗಿಯಿತು. ಒಂದೇ ಬೀದಿಯಲ್ಲಿ ಎರಡು ದಿನ ಲಕ್ಷ್ಮೀಪೂಜೆ ನಡೆಯಿತು. ಒಕ್ಕಣೆ ಬರೆದಿಟ್ಟುಕೊಂಡಿರಿ, ಊರಿನಲ್ಲಿ ಹಬ್ಬ ಯಾವತ್ತು ಅಂತ ಕೇಳಿ ಕಳಿಸಿ.

4. ಚಿತ್ರ

ಇಂಟರ್‌ನೆಟ್ಟಿನ ರೆಡಿಮೇಡ್ ಚಿತ್ರ ಬೇಡ. ನಮ್ಮ ಕಡೆ ದೀಪಾವಳಿ ಅಂದರೆ ಎಣ್ಣೆಸ್ನಾನ, ನೀರು ತುಂಬುವ ಹಬ್ಬ, ಬಲೀಂದ್ರ, ಗೋಪೂಜೆ, ಸಗಣಿಯ ಪಾಂಡವರು. ಆ ಚಿತ್ರಗಳಲ್ಲಿ ಇದ್ಯಾವುದೂ ಇರುವುದಿಲ್ಲ. ಅಂಗಡಿಯ ಹೊಸ್ತಿಲಿಗೆ ಹಚ್ಚಿದ ದೀಪದ ಫೋಟೋ ಸಾಕು. ಕ್ಯಾರಿಬ್ಯಾಗ್, ಸ್ವೀಟ್ ಬಾಕ್ಸ್ ಮೇಲೆ ದೇವರ ಚಿತ್ರ ಹಾಕಿಸಲೇಬೇಡಿ. ಅದು ಎರಡೇ ದಿನಕ್ಕೆ ಕಸದಲ್ಲಿ ಬಿದ್ದಿರುತ್ತದೆ. ನಿಮಗೆ ಓದಲು ಬಾರದ ಲಿಪಿಯಲ್ಲಿ ಶುಭಾಶಯ ಹಾಕುವುದಾದರೆ ಬಲ್ಲವರಿಗೆ ತೋರಿಸಿ.

5. ಕಳಿಸುವುದು

ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಇದನ್ನು ಕೊರತೆ ಅಂದುಕೊಳ್ಳಬೇಡಿ. ಸೇವ್ ಮಾಡಿಕೊಳ್ಳದವರಿಗೆ ನಿಮ್ಮ ಶುಭಾಶಯ ಅಷ್ಟು ಬೇಕಿರಲಿಕ್ಕಿಲ್ಲ. ಈ ಮಿತಿ ದಾಟಿಸುತ್ತೇವೆ ಅಂತ ಮಾರುವ ಬಲ್ಕ್ ಸೆಂಡರ್ ಸಾಫ್ಟ್‌ವೇರ್ ಹತ್ತಿರವೂ ಹೋಗಬೇಡಿ. ಜನ ಬ್ಲಾಕ್ ಮಾಡಿ ದೂರು ಒತ್ತಿದರೆ ನಂಬರೇ ನಿಂತುಹೋಗುತ್ತದೆ. ನನಗೆ ಗೊತ್ತಿರುವ ಬೇಕರಿಯೊಂದು ಕ್ರಿಸ್‌ಮಸ್ ವಾರದಲ್ಲೇ ಹಾಗೆ ನಂಬರ್ ಕಳೆದುಕೊಂಡಿತು. ಕೇಕಿನ ಆರ್ಡರೆಲ್ಲ ಅದರಲ್ಲೇ ಇದ್ದವು. ಎಸ್ಸೆಮ್ಮೆಸ್ ಕಳಿಸುವವರು ಟೆಲಿಕಾಂ ಕಂಪನಿಯ ತಾಣದಲ್ಲಿ ಡಿಎಲ್‌ಟಿ ನೋಂದಣಿ ಮಾಡಿಸಿ ಒಕ್ಕಣೆಗೂ ಒಪ್ಪಿಗೆ ಪಡೆಯಬೇಕು.

ಬೆಳಗಿನ ಜಾವ ಕಳಿಸಬೇಡಿ. ಎಲ್ಲರೂ ಪೂಜೆ, ನಮಾಜ್, ಅಡುಗೆಯ ಗಡಿಬಿಡಿಯಲ್ಲಿರುತ್ತಾರೆ. ಹತ್ತೂವರೆ ಮೇಲೆ ಸಾಕು.

6. ಉತ್ತರ ಬಂದಾಗ

"ಬೇಡ" ಅಂದವರನ್ನು ಅವತ್ತೇ ತೆಗೆಯಿರಿ, ಯಾಕೆ ಅಂತ ಕೇಳಬೇಡಿ. "ನಿಮಗೂ ಶುಭಾಶಯ" ಅಂದವರಿಗೆ ಬೆನ್ನಲ್ಲೇ ಸೀರೆ ಫೋಟೋ ಕಳಿಸಬೇಡಿ. ಬರೇ ಕೈ ಮುಗಿದು ಬಿಡಿ. ಹೋದ ದೀಪಾವಳಿಗೆ ಆ ಬಟ್ಟೆ ಅಂಗಡಿಗೆ ಒಂದು ಮೆಸೇಜ್ ಬಂತು. ಕಳಿಸಿದ್ದು ಅದೇ ಹೆಣ್ಣುಮಗಳು: "ಅಣ್ಣಾ, ಅಪ್ಪಾಜಿ ವರ್ಷದ ಕಾರ್ಯ ಆಯ್ತು. ಯುಗಾದಿಗೆ ಹೇಳಿ ಕಳಿಸ್ರಿ." ಮಾಲೀಕರು ಆ ಹಳೇ ಲೇಬಲ್ ತೆಗೆದು "ಯುಗಾದಿ" ಅಂತ ಹಾಕಿದರು.