ಲೆಕ್ಕದಲ್ಲಿ ಹೆಚ್ಚಾದ 27 ಮನೆಗಳು

ಕೋಲಾರ ಜಿಲ್ಲೆಯ ಒಂದು ಊರಿನಲ್ಲಿ ಮನೆಬಳಕೆಯ ನೀರು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ನಾವು ನಡೆಸಿದ ಸಮೀಕ್ಷೆಯಲ್ಲಿ, ಅಂತಿಮ ಲೆಕ್ಕವನ್ನು ತಾಳೆ ನೋಡುವ ಕೆಲಸ ನನ್ನದಾಗಿತ್ತು. ಪಂಚಾಯಿತಿಯ ನಲ್ಲಿ, ಬೋರ್‌ವೆಲ್, ದುಡ್ಡು ಕೊಟ್ಟು ತರಿಸುವ ಟ್ಯಾಂಕರ್ ಎಂಬ ಮೂರು ಮೂಲಗಳನ್ನು ನಮೂನೆಯಲ್ಲಿ ಕೊಟ್ಟು, ಬಳಸುವುದೆಲ್ಲಕ್ಕೂ ಗುರುತು ಹಾಕಬೇಕೆಂದು ಹೇಳಿದ್ದೆವು. ಆ ಕಡೆಯ ಊರುಗಳಲ್ಲಿ ಒಂದೇ ಮೂಲವನ್ನು ನಂಬಿಕೊಂಡ ಮನೆಗಳಷ್ಟೇ ಅಲ್ಲದೆ, ನಲ್ಲಿ ಬಾರದ ದಿನ ಪಕ್ಕದ ತೋಟದ ಬೋರ್‌ವೆಲ್‌ಗೆ ಹೋಗುವ, ಅದೂ ಬತ್ತಿದಾಗ ಟ್ಯಾಂಕರ್ ಕರೆಸುವ ಮನೆಗಳೂ ಇರುವುದರಿಂದ ಗುಂಪುಗಳು ಒಂದರ ಮೇಲೊಂದು ಬೀಳುವುದು ಖಚಿತವಾಗಿತ್ತು.

ಬೀಗ ಹಾಕಿದ ಮನೆಗಳನ್ನು ಬಿಟ್ಟು ಒಟ್ಟು 240 ನಮೂನೆಗಳು ಭರ್ತಿಯಾಗಿದ್ದವು. ಇಬ್ಬರು ಸಮೀಕ್ಷಕಿಯರು ಊರನ್ನು ಎರಡು ಪಾಲು ಮಾಡಿಕೊಂಡು ತಂತಮ್ಮ ನಮೂನೆಗಳನ್ನು ತಾವೇ ಎಣಿಸಿ, ಒಂದೊಂದು ಸಾರಾಂಶ ಹಾಳೆ ಬರೆದುಕೊಟ್ಟಿದ್ದರು. ನನ್ನ ಮೇಜಿಗೆ ಬಂದದ್ದು ಆ ಎರಡನ್ನೂ ಕೂಡಿಸಿದ ಹಾಳೆ. ಅದರ ಪ್ರಕಾರ ನಲ್ಲಿ ಬಳಸುವ ಮನೆಗಳು 155, ಬೋರ್‌ವೆಲ್ 106, ಟ್ಯಾಂಕರ್ 69. ನಲ್ಲಿ ಮತ್ತು ಬೋರ್‌ವೆಲ್ 42, ನಲ್ಲಿ ಮತ್ತು ಟ್ಯಾಂಕರ್ 26, ಬೋರ್‌ವೆಲ್ ಮತ್ತು ಟ್ಯಾಂಕರ್ 21. ಮೂರನ್ನೂ ಬಳಸುವವು 14. ಮೂರರಲ್ಲಿ ಯಾವುದನ್ನೂ ಬಳಸದೆ ಸೇದುವ ಬಾವಿಯನ್ನೇ ನೆಚ್ಚಿಕೊಂಡವು 12.

ಕೊನೆಯ ಈ 12ರ ಬಗ್ಗೆ ಒಂದು ಮಾತು. ಅನೇಕರು ಈ ಸಂಖ್ಯೆಯನ್ನು ನಮೂನೆಗಳಿಂದ ಎಣಿಸುವುದಿಲ್ಲ. ಒಟ್ಟು ಮೊತ್ತದಲ್ಲಿ ಉಳಿದವರನ್ನೆಲ್ಲ ಕಳೆದು, ಮಿಕ್ಕದ್ದನ್ನು 'ಯಾವುದೂ ಇಲ್ಲ' ಎಂದು ಬರೆದುಬಿಡುತ್ತಾರೆ. ಹಾಗೆ ಮಾಡಿದ ಹಾಳೆಯನ್ನು ತಾಳೆ ನೋಡುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಎಲ್ಲಿ ಎಷ್ಟು ತಪ್ಪಿದ್ದರೂ ಅದೆಲ್ಲ ಹೋಗಿ ಆ ಒಂದು ಸಂಖ್ಯೆಯಲ್ಲಿ ಅಡಗಿಕೊಳ್ಳುತ್ತದೆ ಮತ್ತು ಮೊತ್ತ ಯಾವಾಗಲೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಆ 12 ನಮೂನೆಗಳನ್ನು ಬೇರೆ ತೆಗೆದು ಕಟ್ಟಿಡಬೇಕೆಂದು ನಾನು ಮೊದಲೇ ಕೇಳಿಕೊಂಡಿದ್ದೆ. ಮುಂದೆ ಬಯಲಾದದ್ದೆಲ್ಲ ಬಯಲಾಗಲು ಅದೇ ಕಾರಣವಾಯಿತು.

ಪ್ರೌಢಶಾಲೆಯಲ್ಲಿ ಗಣಗಳ ಪಾಠದಲ್ಲಿ ಕಲಿತ ಸೂತ್ರವನ್ನೇ ಹಾಕಿದೆ. ಒಂಟಿ ಗುಂಪುಗಳನ್ನೆಲ್ಲ ಕೂಡಿಸಬೇಕು, ಎರಡೆರಡರ ಛೇದನಗಳನ್ನು ಕಳೆಯಬೇಕು, ಮೂರರ ಛೇದನವನ್ನು ಮತ್ತೆ ಸೇರಿಸಬೇಕು.

```
155 + 106 + 69 = 330
42 + 26 + 21   = 89
330 - 89 + 14  = 255
255 + 12       = 267
```

ನಮೂನೆಗಳಿರುವುದು 240. ಎಂದರೆ 27 ಮನೆಗಳು ಹೆಚ್ಚಾಗಿದ್ದವು. 'ಯಾವುದೂ ಇಲ್ಲ' ಎಂಬುದನ್ನು ಪಕ್ಕಕ್ಕಿಟ್ಟರೂ 255 ಎಂಬುದು ಊರಿನ ಮೊತ್ತವನ್ನೇ ಮೀರಿತ್ತು.

ಇಲ್ಲಿ ನಾನು ಅರ್ಧ ದಿನ ದಾರಿ ತಪ್ಪಿದೆ. ಎರಡು ಅಂಕಿಗಳು ಅದಲುಬದಲಾದರೆ ವ್ಯತ್ಯಾಸ 9ರಿಂದ ಭಾಗವಾಗುತ್ತದೆ ಎಂಬುದು ಲೆಕ್ಕಪತ್ರ ನೋಡುವವರಿಗೆಲ್ಲ ಗೊತ್ತಿರುವ ಸಂಗತಿ. 27 ಕಣ್ಣಿಗೆ ಬಿದ್ದ ಕೂಡಲೇ ಟ್ಯಾಂಕರ್‌ನ 69 ನೆನಪಾಯಿತು; 96ಕ್ಕೂ 69ಕ್ಕೂ ಇರುವ ಅಂತರ ಸರಿಯಾಗಿ 27. ಸಿಕ್ಕಿಬಿಟ್ಟಿತು ಎಂದುಕೊಂಡು ಟ್ಯಾಂಕರ್ ಗುರುತುಗಳನ್ನು 240 ನಮೂನೆಗಳಲ್ಲೂ ಮತ್ತೆ ಎಣಿಸಿದೆ. 69ಕ್ಕೆ 69 ಬಂದಿತು. ಎಣಿಸುವ ಮೊದಲು ಒಂದು ನಿಮಿಷ ಯೋಚಿಸಿದ್ದರೆ ಆ ಶ್ರಮ ಬೇಕಾಗಿರಲಿಲ್ಲ: ನಿಜವಾದ ಸಂಖ್ಯೆ 96 ಆಗಿದ್ದು 69 ಎಂದು ಬರೆದಿದ್ದರೆ ಮೊತ್ತ ಕಡಿಮೆಯಾಗಬೇಕಿತ್ತೇ ಹೊರತು ಹೆಚ್ಚಾಗುತ್ತಿರಲಿಲ್ಲ. ಮೊತ್ತ ಹೆಚ್ಚಾಗಬೇಕಾದರೆ ಒಂಟಿ ಗುಂಪು ಉಬ್ಬಿರಬೇಕು, ಇಲ್ಲವೇ ಜೋಡಿಯ ಸಂಖ್ಯೆ ಕುಗ್ಗಿರಬೇಕು, ಇಲ್ಲವೇ ಮೂರರ ಛೇದನ ಉಬ್ಬಿರಬೇಕು. ವ್ಯತ್ಯಾಸ ಎಷ್ಟು ಎಂಬುದಕ್ಕಿಂತ ಮೊದಲು ಅದು ಯಾವ ದಿಕ್ಕಿನದು ಎಂದು ನೋಡುವುದನ್ನು ನಾನು ರೂಢಿಸಿಕೊಂಡದ್ದು ಅಂದಿನಿಂದ.

ಒಂಟಿ ಗುಂಪು ಮೂರೂ ಮರುಎಣಿಕೆಯಲ್ಲಿ ಸರಿಯಿದ್ದವು, 14ರಲ್ಲೂ ಬದಲಾವಣೆ ಇರಲಿಲ್ಲ. ಹಾಗಾದರೆ ಉಳಿದದ್ದು ಜೋಡಿಗಳು. ಜೋಡಿಗಳಲ್ಲಿ ಆಗುವ ದೊಡ್ಡ ತಪ್ಪು ಎಣಿಕೆಯದಲ್ಲ, ಅರ್ಥದ್ದು. 'ನಲ್ಲಿ ಮತ್ತು ಬೋರ್‌ವೆಲ್' ಎಂದರೆ ಈ ಎರಡನ್ನೂ ಬಳಸುವ ಮನೆ, ಅದು ಟ್ಯಾಂಕರ್ ಕೂಡ ಕರೆಸುತ್ತಿರಬಹುದು ಎಂದು ಸೂತ್ರ ಅರ್ಥ ಮಾಡಿಕೊಳ್ಳುತ್ತದೆ. ಓದುವವರು ಅದನ್ನು 'ಇವೆರಡನ್ನು ಮಾತ್ರ' ಎಂದು ಓದುವ ಸಂಭವ ಧಾರಾಳವಾಗಿದೆ.

ಈ ತಪ್ಪಿನ ಗುರುತನ್ನು ಒಂದೇ ಒಂದು ಮನೆಯನ್ನು ಹಿಡಿದುಕೊಂಡು ನೋಡಬಹುದು. ಮೂರೂ ಮೂಲಗಳನ್ನು ಬಳಸುವ ಮನೆ ಒಂಟಿ ಗುಂಪುಗಳನ್ನು ಕೂಡಿಸುವಾಗ ಮೂರು ಸಲ ಲೆಕ್ಕಕ್ಕೆ ಬರುತ್ತದೆ; ಮೂರು ಜೋಡಿಗಳಲ್ಲೂ ಅದು ಇರುವುದರಿಂದ ಮೂರು ಸಲ ಕಳೆದುಹೋಗುತ್ತದೆ; ಕೊನೆಯಲ್ಲಿ ಒಂದು ಸಲ ಸೇರಿಸಿದಾಗ 3 − 3 + 1 = 1 ಆಗಿ ನಿಲ್ಲುತ್ತದೆ. ಜೋಡಿಗಳನ್ನು 'ಮಾತ್ರ' ಎಂದು ಎಣಿಸಿದವರ ಹಾಳೆಯಲ್ಲಿ ಆ ಮನೆ ಯಾವ ಜೋಡಿಯಲ್ಲೂ ಇರುವುದಿಲ್ಲ, ಆದ್ದರಿಂದ 3 − 0 + 1 = 4. ಅಂಥ ಪ್ರತಿಯೊಂದು ಮನೆಯೂ ಮೊತ್ತಕ್ಕೆ ಮೂರು ಮನೆಗಳನ್ನು ಹೆಚ್ಚಾಗಿ ಸೇರಿಸುತ್ತದೆ.

ಅಂದರೆ ಇಡೀ ಊರನ್ನು ಹಾಗೆ ಎಣಿಸಿದ್ದರೆ 14ರ ಮೂರು ಪಟ್ಟು, 42 ಮನೆಗಳು ಹೆಚ್ಚಾಗಬೇಕಿತ್ತು. ನನ್ನ ಮುಂದಿದ್ದದ್ದು 27. ಮೂರರಿಂದ ಭಾಗವಾಗುತ್ತದೆ, ಆದರೆ 14 ಬರುವುದಿಲ್ಲ, 9 ಬರುತ್ತದೆ. ಮೂರನ್ನೂ ಬಳಸುವ 14 ಮನೆಗಳಲ್ಲಿ 9 ಮಾತ್ರ ತಪ್ಪಾಗಿ ಎಣಿಕೆಯಾಗಿವೆ ಎಂದರೆ, ಇಬ್ಬರಲ್ಲಿ ಒಬ್ಬರು ಒಂದು ರೀತಿ, ಇನ್ನೊಬ್ಬರು ಇನ್ನೊಂದು ರೀತಿ ಓದಿಕೊಂಡಿರಬೇಕು. ಕೂಡಿಸಿದ ಹಾಳೆಯನ್ನು ಬದಿಗಿಟ್ಟು ಇಬ್ಬರ ಮೂಲ ಹಾಳೆಗಳನ್ನು ತರಿಸಿದೆ. ಮೊದಲನೆಯವರ 113 ನಮೂನೆಗಳ ಹಾಳೆ ಸೂತ್ರದಲ್ಲೂ 113ಕ್ಕೇ ನಿಂತಿತು. ಎರಡನೆಯವರ 127 ನಮೂನೆಗಳ ಹಾಳೆ 154ಕ್ಕೆ ಏರಿತು, ಮತ್ತು ಅವರ ಪಾಲಿನಲ್ಲಿ ಮೂರೂ ಮೂಲ ಬಳಸುವ ಮನೆಗಳು 9.

ಅವರನ್ನು ಕೇಳಿದಾಗ ಬಂದ ಉತ್ತರ ಹೀಗಿತ್ತು: "ಮೂರೂ ಇರೋ ಮನೆಗೆ ಬೇರೆ ಕಾಲಮ್ಮೇ ಇತ್ತಲ್ಲ ಸಾರ್, ಅದನ್ನೇ ಮತ್ತೆ ಎರಡರ ಕಾಲಮ್ಮಲ್ಲಿ ಯಾಕೆ ಬರೀಬೇಕು?" ನನ್ನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕಾಲಮ್ಮಿನ ಶೀರ್ಷಿಕೆ ಬರೆದವನು ನಾನು. ಅವರು ಓದಿದ ರೀತಿಯೇ ಬಳಕೆಯ ಕನ್ನಡಕ್ಕೆ ಹೆಚ್ಚು ಹತ್ತಿರವಾಗಿತ್ತು.

ತಿದ್ದುವುದು ಸುಲಭವಾಯಿತು. ಪ್ರತಿ ಜೋಡಿಗೂ 9 ಸೇರಿಸಿದಾಗ ಅವು 51, 35, 30 ಆದವು, ಒಟ್ಟು 116. 330ರಲ್ಲಿ 116 ಕಳೆದು 14 ಸೇರಿಸಿದರೆ 228, ಅದಕ್ಕೆ 12 ಸೇರಿದರೆ 240.

ಮೊತ್ತ ಕೂಡಿಬಂದ ಮಾತ್ರಕ್ಕೆ ನಾನು ಹಾಳೆಗೆ ಸಹಿ ಹಾಕುವುದಿಲ್ಲ. ವೆನ್ ಚಿತ್ರ ಬರೆದು ಏಳೂ ಭಾಗಗಳನ್ನು ತುಂಬುತ್ತೇನೆ. ತುಂಬುವುದು ಯಾವಾಗಲೂ ನಡುವಿನಿಂದ ಹೊರಕ್ಕೆ. ಮೂರು ವೃತ್ತಗಳೂ ಸೇರುವಲ್ಲಿ 14 ಬರೆದು, ಜೋಡಿಗಳಿಂದ ಅದನ್ನು ಕಳೆದಾಗ ನಲ್ಲಿ ಮತ್ತು ಬೋರ್‌ವೆಲ್ ಮಾತ್ರ 37, ನಲ್ಲಿ ಮತ್ತು ಟ್ಯಾಂಕರ್ ಮಾತ್ರ 21, ಬೋರ್‌ವೆಲ್ ಮತ್ತು ಟ್ಯಾಂಕರ್ ಮಾತ್ರ 16 ಬಂದವು. ನಲ್ಲಿಯ ವೃತ್ತದ 155ರಲ್ಲಿ ಒಳಗಿನ 14, 37, 21 ಹೋಗಿ ನಲ್ಲಿ ಮಾತ್ರ 83. ಹಾಗೆಯೇ ಬೋರ್‌ವೆಲ್ ಮಾತ್ರ 39, ಟ್ಯಾಂಕರ್ ಮಾತ್ರ 18. ವೃತ್ತಗಳ ಹೊರಗೆ 12.

ಚಿತ್ರ ಏಕೆ ಬೇಕು ಎಂಬುದಕ್ಕೆ ಇನ್ನೊಂದು ಊರಿನ, 100 ಮನೆಗಳ ಹಾಳೆಯನ್ನು ಹೇಳಬೇಕು. ಅಲ್ಲಿ ನಲ್ಲಿ 60, ಬೋರ್‌ವೆಲ್ 40, ಟ್ಯಾಂಕರ್ 20, ನಲ್ಲಿ–ಬೋರ್‌ವೆಲ್ 9, ನಲ್ಲಿ–ಟ್ಯಾಂಕರ್ 10, ಬೋರ್‌ವೆಲ್–ಟ್ಯಾಂಕರ್ 17, ಮೂರೂ 5, ಯಾವುದೂ ಇಲ್ಲದವು 11. ಸೂತ್ರದಲ್ಲಿ 120 − 36 + 5 = 89, ಅದಕ್ಕೆ 11 ಸೇರಿ ಸರಿಯಾಗಿ 100. ಚಿತ್ರ ತುಂಬುವಾಗ ಮಾತ್ರ ಟ್ಯಾಂಕರ್ ವೃತ್ತದ ಒಳಭಾಗಗಳೇ 5, 5, 12 ಎಂದು 22 ಆಗಿಬಿಟ್ಟವು, ವೃತ್ತದಲ್ಲಿರುವುದು 20. 'ಟ್ಯಾಂಕರ್ ಮಾತ್ರ' ಎಂಬಲ್ಲಿ ಋಣ 2 ಮನೆಗಳು! ಹಾಳೆಯನ್ನು ನಕಲು ಮಾಡಿದವರು 9 ಮತ್ತು 17ನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದಿದ್ದರು. ಜೋಡಿಗಳ ಮೊತ್ತ ಬದಲಾಗದ ಕಾರಣ ಸೂತ್ರಕ್ಕೆ ಅದು ತಿಳಿಯುವ ಹಾಗೇ ಇರಲಿಲ್ಲ. ಅದಲುಬದಲಾದ ಸಂಖ್ಯೆಗಳ ಅಂತರ ಇನ್ನೂ ಸಣ್ಣದಾಗಿದ್ದರೆ ಋಣಸಂಖ್ಯೆಯೂ ಬರುತ್ತಿರಲಿಲ್ಲ, ಚಿತ್ರವೂ ಅದನ್ನು ಹಿಡಿಯುತ್ತಿರಲಿಲ್ಲ. ಅದಕ್ಕಾಗಿಯೇ ಚಿತ್ರದ ಭಾಗಗಳನ್ನು ನಮೂನೆಗಳಿಂದ ನೇರವಾಗಿ ಎಣಿಸಿ ಹೋಲಿಸುವುದನ್ನೂ ಸೇರಿಸಿಕೊಂಡಿದ್ದೇನೆ. ಮೂರು 'ಮಾತ್ರ'ಗಳನ್ನು ಎಣಿಸಿದರೆ ಸಾಕು. ಜೋಡಿಗಳು ಅದಲುಬದಲಾಗಿದ್ದರೆ ಅವುಗಳಲ್ಲಿ ಎರಡಾದರೂ ತಾಳೆಯಾಗುವುದಿಲ್ಲ.

ಈಗ ಸಮೀಕ್ಷಕಿಯರಿಂದ ಸಾರಾಂಶ ಹಾಳೆ ಬರೆಸುವುದನ್ನೇ ನಿಲ್ಲಿಸಿದ್ದೇನೆ. ಪ್ರತಿ ಮನೆಗೆ ಒಂದು ಸಾಲು, ಮೂರು ಮೂಲಗಳಿಗೆ B, C, D ಕಾಲಮ್ಮುಗಳಲ್ಲಿ 1 ಅಥವಾ 0 ತುಂಬಿಸಿ, ಎಣಿಕೆಯನ್ನು ಸ್ಪ್ರೆಡ್‌ಶೀಟಿಗೆ ಬಿಡುತ್ತೇನೆ.

```
=COUNTIFS(B2:B241,1,C2:C241,1)
=COUNTIFS(B2:B241,1,C2:C241,1,D2:D241,0)
```

ಮೊದಲನೆಯದು ಸೂತ್ರಕ್ಕೆ ಬೇಕಾದ ಜೋಡಿಯನ್ನು ಕೊಡುತ್ತದೆ, ಎರಡನೆಯದು 'ಇವೆರಡು ಮಾತ್ರ' ಎಂಬ ಭಾಗವನ್ನು. ಇದರಲ್ಲೂ ಒಂದು ಎಡವಟ್ಟಿದೆ: 0 ಬರೆಯುವ ಬದಲು ಕೋಶವನ್ನು ಖಾಲಿ ಬಿಟ್ಟರೆ ಎರಡನೆಯ ಎಣಿಕೆಗೆ ಆ ಮನೆ ಸಿಗುವುದೇ ಇಲ್ಲ, ಏಕೆಂದರೆ ಖಾಲಿ ಕೋಶ ಅದರ ಪಾಲಿಗೆ ಸೊನ್ನೆಯಲ್ಲ. ಎಂಟು ಭಾಗಗಳನ್ನೂ ಹೀಗೆ ಬೇರೆಬೇರೆಯಾಗಿ ಎಣಿಸಿ ಕೂಡಿಸಿದಾಗ ಸಾಲುಗಳ ಸಂಖ್ಯೆಗಿಂತ ಕಡಿಮೆ ಬಂದರೆ ನಾನು ಮೊದಲು ಹುಡುಕುವುದು ಖಾಲಿ ಕೋಶಗಳನ್ನು.