ಪೋಸ್ಟರ್ ಸಾರಾಂಶದಿಂದ ‘ದರ’ ಎಂಬ ಪದ ತೆಗೆದದ್ದು

ನಮ್ಮ ಪ್ರಾಜೆಕ್ಟ್ ಹೇಳುವುದಕ್ಕೆ ಸರಳ. ಇ. ಕೋಲಿ ಬ್ಯಾಕ್ಟೀರಿಯಾದ ಮೇಲೆ 254 ನ್ಯಾನೊಮೀಟರಿನ ನೇರಳಾತೀತ ಬೆಳಕು ಬಿಟ್ಟರೆ ಮ್ಯುಟೇಶನ್ ಎಷ್ಟು ಹೆಚ್ಚುತ್ತದೆ? ಅಳತೆಗೋಲು ಬ್ಯಾಕ್ಟೀರಿಯಾ ಕೊಲ್ಲುವ ರಿಫಾಂಪಿಸಿನ್. ಆ ಔಷಧ ಬೆರೆಸಿದ ಅಗಾರ್ ಮೇಲೆ ಕಾಲನಿ ಎದ್ದರೆ, ಸಾಮಾನ್ಯವಾಗಿ rpoB ಜೀನ್‌ನಲ್ಲಿ ಬದಲಾವಣೆ ಆಗಿದೆ ಎಂದರ್ಥ. ಕಷ್ಟವಾದದ್ದು 250 ಪದಗಳ ಸಾರಾಂಶ ಬರೆಯುವಾಗ.

ಮೊದಲ ಕರಡಿನಲ್ಲಿ ‘ಮ್ಯುಟೇಶನ್ ದರ ಎರಡು ಸಾವಿರ ಪಟ್ಟಿಗೂ ಮಿಕ್ಕಿ ಏರಿತು’ ಎಂದು ಹೆಮ್ಮೆಯಿಂದ ಬರೆದಿದ್ದೆ. ಗೈಡ್ ಮೇಡಂ ಓದಿ ಕೇಳಿದ್ದು ಒಂದೇ: “ಯಾವುದರಿಂದ ಭಾಗಿಸಿದೆ?”

ನೋಟ್‌ಬುಕ್ ತೆಗೆದೆ. ಬೆಳಕು ತಾಗಿದ ಕೂಡಲೇ ಬದುಕಿದ್ದವು ಮಿಲಿಲೀಟರಿಗೆ 2 ಕೋಟಿ, ಅಂದರೆ ಮೊದಲಿದ್ದ 20 ಕೋಟಿಯಲ್ಲಿ ಹತ್ತನೇ ಒಂದು ಪಾಲು. ಆದರೆ ರಿಫಾಂಪಿಸಿನ್ ಪ್ಲೇಟಿಗೆ ಹಚ್ಚಿದ್ದು ಆ ಕೂಡಲೇ ಅಲ್ಲ. ಹೊಸ ಮ್ಯುಟೇಶನ್ ಪ್ರೋಟೀನಿನಲ್ಲಿ ಕಾಣಿಸಿಕೊಳ್ಳಲು ಸಮಯ ಬೇಕು ಎಂದು ರಾತ್ರಿಯಿಡೀ ಬ್ರಾತ್‌ನಲ್ಲಿ ಬೆಳೆಸಿದ್ದೆವು. ಬೆಳಗಾಗುವಷ್ಟರಲ್ಲಿ ಅವು ಮಿಲಿಲೀಟರಿಗೆ 150 ಕೋಟಿ, ಅವುಗಳಲ್ಲಿ ನಿರೋಧಕ ಕೋಶಗಳು 900. ನಾನು ಆ 900ನ್ನು ಹಿಂದಿನ ದಿನದ 2 ಕೋಟಿಯಿಂದ ಭಾಗಿಸಿದ್ದೆ! ಸರಿಯಾಗಿ ಭಾಗಿಸಿದರೆ 10 ಕೋಟಿಗೆ 60. ಬೆಳಕು ತಾಗಿಸದ ಟ್ಯೂಬ್‌ನಲ್ಲಿ ಬೆಳಿಗ್ಗೆ 200 ಕೋಟಿಗೆ 40, ಅಂದರೆ 10 ಕೋಟಿಗೆ 2. ಎರಡು ಸಾವಿರ ಹೋಗಿ ಮೂವತ್ತು ಪಟ್ಟು ಉಳಿಯಿತು.

‘ದರ’ ಎಂಬ ಪದವೂ ಉಳಿಯಲಿಲ್ಲ. ದರ ಎಂದರೆ ಒಂದು ಕೋಶ ಒಮ್ಮೆ ವಿಭಜನೆಯಾಗುವಾಗ ಮ್ಯುಟೇಶನ್ ಆಗುವ ಸಾಧ್ಯತೆ. ಅದನ್ನು ಅಂದಾಜಿಸಲು ಲೂರಿಯಾ ಮತ್ತು ಡೆಲ್‌ಬ್ರೂಕ್ 1943ರಲ್ಲಿ ತೋರಿಸಿದಂತೆ ಹಲವಾರು ಟ್ಯೂಬ್‌ಗಳನ್ನು ಬೇರೆಬೇರೆಯಾಗಿ ಬೆಳೆಸಬೇಕು. ನಮ್ಮಲ್ಲಿದ್ದವು ಮೂರು. ರಾತ್ರಿ ಬೇಗನೆ ಹುಟ್ಟಿದ ಒಂದೇ ಮ್ಯುಟೆಂಟ್ ಬೆಳಿಗ್ಗೆಗೆ ನೂರಾರು ಮರಿ ಹಾಕಿರಬಹುದು, ಎಣಿಸುವಾಗ ಅದು ಗೊತ್ತಾಗುವುದಿಲ್ಲ. ಅದೂ ಅಲ್ಲದೆ ಬೆಳಕಿನ ಪೆಟ್ಟು ಬಿದ್ದದ್ದು ಒಂದೇ ಸಲ, ಪ್ರತಿ ವಿಭಜನೆಯಲ್ಲೂ ಅಲ್ಲ. ನಾವು ಅಳೆದದ್ದು ‘ಮ್ಯುಟೆಂಟ್‌ಗಳ ಪ್ರಮಾಣ’ ಅಷ್ಟೇ. ಶೀರ್ಷಿಕೆಯನ್ನೂ ಹಾಗೇ ತಿದ್ದಿದೆ.

ಕೊನೆಗೆ ಫಲಿತಾಂಶದ ಸಾಲು ಹೀಗಾಯಿತು: ‘ಶೇ. 10ರಷ್ಟು ಕೋಶಗಳು ಬದುಕುಳಿದ ಡೋಸ್‌ನಲ್ಲಿ, ರಾತ್ರಿ ಬೆಳೆಸಿದ ನಂತರ, ರಿಫಾಂಪಿಸಿನ್ ನಿರೋಧಕ ಕೋಶಗಳ ಪ್ರಮಾಣ 10 ಕೋಟಿಗೆ 2ರಿಂದ 60ಕ್ಕೆ ಏರಿತು (ತಲಾ ಮೂರು ಕಲ್ಚರ್‌ಗಳ ಸರಾಸರಿ).’

ಉಳಿದ ಜಾಗದಲ್ಲಿ ಪೀಠಿಕೆಯ ಎರಡು ಸಾಲು ಕತ್ತರಿಸಿ, ವಿಧಾನದ ಎರಡು ಮಾತು ಸೇರಿಸಿದೆ. ಒಂದು, ಪೆಟ್ರಿ ತಟ್ಟೆಯ ಮುಚ್ಚಳ ತೆಗೆದೇ ಬೆಳಕು ಬಿಟ್ಟದ್ದು, ಏಕೆಂದರೆ ಸಾಮಾನ್ಯ ಗಾಜು, ಪ್ಲಾಸ್ಟಿಕ್ ಎರಡೂ ಈ ಕಿರಣವನ್ನು ತಡೆಯುತ್ತವೆ. ಇನ್ನೊಂದು, ಆಮೇಲೆ ಟ್ಯೂಬ್‌ಗಳಿಗೆ ಫಾಯಿಲ್ ಸುತ್ತಿ ಕತ್ತಲಲ್ಲಿ ಇಟ್ಟದ್ದು. ಕೋಣೆಯ ಬೆಳಕು ಬಿದ್ದರೆ ಫೋಟೊಲಯೇಸ್ ಎಂಬ ಕಿಣ್ವ ಡಿಎನ್‌ಎಯ ಗಾಯವನ್ನು ಸರಿಪಡಿಸಿಬಿಡುತ್ತದೆ. ಪೋಸ್ಟರ್ ಮುಂದೆ ನಿಂತವರಲ್ಲಿ ಮೊದಲು ಬಂದವರು ಕೇಳಿದ್ದೇ ಈ ಫಾಯಿಲ್ ವಿಷಯ.