ಪ್ಲಾಸ್ಟರಿಂಗ್‌ಗೆ ಮುಂಚೆ ಪಾಯಿಂಟ್ ಒಪ್ಪಿಗೆ: ತಾರೀಖು ಹಾಕಿ ಕೇಳುವ ಕ್ರಮ

ಮನೆ ವೈರಿಂಗ್‌ನಲ್ಲಿ ವೈರಿನ ಪೈಪಿಗಾಗಿ ಗೋಡೆ ಕೊರೆಯುವ ಮುನ್ನ, ಯಾವ ಪಾಯಿಂಟ್ ಎಲ್ಲಿ ಬರಬೇಕು ಎಂಬುದಕ್ಕೆ ಮಾಲೀಕರ ಒಪ್ಪಿಗೆ ಬೇಕು, ಆದರೆ ಉತ್ತರ ಬರುವುದಿಲ್ಲ. ತಾರೀಖು ಹಾಕಿ ಕೇಳಿದರೆ ಗಿರಾಕಿ ಮುನಿಸಿಕೊಳ್ಳುತ್ತಾರೆ ಎಂದು ನಮ್ಮವರೇ ಹೆದರಿಸಿದ್ದರು. ಈಗ ನನ್ನ ಸೈಟುಗಳಲ್ಲಿ ಗಾರೆಯವರು ಪೈಪಿಗಾಗಿ ಕಾಯುವುದೇ ಇಲ್ಲ.

ಮೊದಲು ಕೆಟ್ಟದ್ದು ಮಾತಿನ ಧಾಟಿ. ‘ಬುಧವಾರದೊಳಗೆ ತಿಳಿಸಿ, ಇಲ್ಲವಾದರೆ ನಾವು ಜವಾಬ್ದಾರರಲ್ಲ’ ಎಂದರೆ ತಪ್ಪನ್ನು ಮೊದಲೇ ಅವರ ತಲೆಗೆ ಕಟ್ಟಿದಂತೆ. ಈಗ ಹೀಗೆ ಬರೆಯುತ್ತೇನೆ:

‘ಸರ್, ನಮಸ್ಕಾರ. ಸೋಮವಾರ 16ಕ್ಕೆ ಪ್ಲಾಸ್ಟರಿಂಗ್ ಶುರು. ಅದಕ್ಕೆ ಗುರುವಾರ 12ರ ಬೆಳಿಗ್ಗೆ ಪೈಪ್ ಹಾಕುತ್ತೇವೆ. ಸೀಮೆಸುಣ್ಣದಲ್ಲಿ ಗುರುತು ಮಾಡಿದ ಗೋಡೆಗಳ ಫೋಟೋ ಇಟ್ಟಿದ್ದೇನೆ. ಚಿಕ್ಕ ರೂಮಿಗೆ ಎಸಿ ಬೇಕೋ ಬೇಡವೋ ತೀರ್ಮಾನವಾಗಿಲ್ಲ. ಬುಧವಾರ ಸಂಜೆ 6ರವರೆಗೆ ತಾವು ಬೇರೆ ಹೇಳದಿದ್ದರೆ ಅಲ್ಲಿ ಖಾಲಿ ಪೈಪ್, ಬಾಕ್ಸ್ ಮಾತ್ರ ಬಿಡುತ್ತೇವೆ. ಅದಕ್ಕೆ ಹೆಚ್ಚಿನ ದುಡ್ಡಿಲ್ಲ. ಇನ್ನೂ ಯೋಚಿಸಬೇಕಿದ್ದರೆ “ನಿಲ್ಲಿಸಿ” ಅನ್ನಿ, ಆ ರೂಮನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆ.’

ಇಲ್ಲಿ ತಾರೀಖನ್ನು ನಾನು ಹೇರಿಲ್ಲ, ಗಾರೆ ಕೆಲಸ ತಂದಿದೆ, ಹಾಗಾಗಿ ಚುಚ್ಚುವುದಿಲ್ಲ. ಉತ್ತರ ಬಾರದಿದ್ದರೆ ಏನಾಗುತ್ತದೆ ಎಂಬುದೂ ಬೆದರಿಕೆಯಾಗಿಲ್ಲ, ಕೆಲಸದ ವಿವರವಾಗಿದೆ. ಎಲ್ಲಕ್ಕಿಂತ ಮುಖ್ಯ, ನಾವಾಗಿಯೇ ಆರಿಸುವುದು ಆಮೇಲೆ ಬದಲಿಸಲು ಸುಲಭವಾದದ್ದೇ ಆಗಿರಬೇಕು. ಖಾಲಿ ಪೈಪಿಗೆ ಸಾಮಾನು, ಕೂಲಿ ಸೇರಿ ಸುಮಾರು 400–500 ರೂಪಾಯಿ ನನ್ನ ಕೈಯಿಂದ ಹೋಗುತ್ತದೆ. ಪ್ಲಾಸ್ಟರಿಂಗ್ ಆದ ಮೇಲೆ ಅದೇ ಗೋಡೆ ಒಡೆದು ಮತ್ತೆ ಮೆತ್ತಿದರೆ ಅದರ ನಾಲ್ಕೈದು ಪಟ್ಟು, ಮೇಲೆ ತೇಪೆಯ ಗುರುತು ಬೇರೆ.

ಫೋಟೋ ಬದಲು ಡ್ರಾಯಿಂಗ್ ಪಿಡಿಎಫ್ ಕಳಿಸಿ ನೋಡಿದೆ, ಯಾರೂ ತೆರೆಯಲಿಲ್ಲ. ವಾಯ್ಸ್ ಮೆಸೇಜನ್ನು ಕೇಳಿಸಿಕೊಳ್ಳುತ್ತಾರೆ, ಆದರೆ ತಾರೀಖು ತಲೆಯಲ್ಲಿ ನಿಲ್ಲುವುದಿಲ್ಲ. ಫೋಟೋದಲ್ಲಿ ಸ್ವಿಚ್ ಬೋರ್ಡಿನ ಪಕ್ಕ ಒಬ್ಬ ಹುಡುಗನನ್ನು ನಿಲ್ಲಿಸಿದರೆ ಎತ್ತರ ತಕ್ಷಣ ಗೊತ್ತಾಗಿ, ‘ಸ್ವಲ್ಪ ಕೆಳಗೆ ಬರಲಿ’ ಎಂಬ ಉತ್ತರ ಅಂದೇ ಬರುತ್ತದೆ. ಮೆಸೇಜನ್ನು ಯಾವ ದಿನ, ಯಾವ ಹೊತ್ತಿಗೆ ಕಳಿಸಬೇಕು ಎಂಬುದನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ.

ದುಡ್ಡು ಹೆಚ್ಚಾಗುವ ವಿಷಯಕ್ಕೆ ಈ ದಾರಿ ಹಿಡಿಯಲೇಬೇಡಿ. ಹೆಚ್ಚುವರಿ ಪಾಯಿಂಟ್, ದುಬಾರಿ ಸ್ವಿಚ್ ಬೇಕೆಂದರೆ ‘ಆಗಲಿ’ ಎಂದು ಅವರೇ ಬರೆಯಬೇಕು. ಸುಮ್ಮನಿದ್ದದ್ದನ್ನೇ ಒಪ್ಪಿಗೆ ಎಂದು ಕಾನೂನೂ ಸಾಮಾನ್ಯವಾಗಿ ಎಣಿಸುವುದಿಲ್ಲ. ಅದಕ್ಕೇ ಕೆಲಸ ಹಿಡಿಯುವಾಗಲೇ ಕರಾರಿನಲ್ಲಿ ಒಂದು ಸಾಲು ಸೇರಿಸುತ್ತೇನೆ: ದರ ಬದಲಾಗದ ವಿಷಯಗಳಲ್ಲಿ ಮೂರು ಕೆಲಸದ ದಿನ ಉತ್ತರ ಬಾರದಿದ್ದರೆ ತಿಳಿಸಿದ ಹಾಗೆ ಮುಂದುವರಿಯುತ್ತೇವೆ.

ಮಂಗಳವಾರ ಒಮ್ಮೆ ನೆನಪಿಸಿ. ವಾಟ್ಸಾಪ್‌ನಲ್ಲಿ ಎರಡು ನೀಲಿ ಗೆರೆ ಬಂದಿರದಿದ್ದರೆ ಫೋನ್ ಮಾಡಿ; ನೋಡದೇ ಇದ್ದವರ ಮೌನವನ್ನು ಲೆಕ್ಕಕ್ಕೆ ಹಿಡಿಯಬಾರದು. ಗೆರೆ ಕಾಣದಂತೆ ಇಟ್ಟುಕೊಂಡವರಿಗೂ ಫೋನೇ ಸರಿ. ಗುರುವಾರ ಗೋಡೆ ಕೊರೆಯುವ ಮುಂಚೆ ‘ಶುರು ಮಾಡುತ್ತಿದ್ದೇವೆ ಸರ್’ ಎಂದು ಇನ್ನೊಂದು ಸಾಲು ಹಾಕಿ, ಅಡುಗೆಮನೆಯಿಂದ ಕೆಲಸ ಹಿಡಿಯಿರಿ. ಚಿಕ್ಕ ರೂಮಿಗೆ ಮಧ್ಯಾಹ್ನದವರೆಗೂ ಸಮಯ ಸಿಗುತ್ತದೆ.